ತ್ರೀಡಿ ಬಚ್ಚಲಲ್ಲಿ ಜಾರದು, ಮನೆ ಬಚ್ಚಲಲ್ಲಿ?

ದಾವಣಗೆರೆಯ ಹಳೆಯ ಬಡಾವಣೆಯೊಂದರಲ್ಲಿ ಈಗ ಒಂದು ಮನೆಯ ರಿಪೇರಿ ನಡೆದಿದೆ. ಮನೆಯೊಡೆಯರು ಎಂಬತ್ತು ದಾಟಿದ ನಿವೃತ್ತ ಮೇಷ್ಟ್ರು. ಅವರ ಮನೆಯಾಕೆಗೆ ಎಪ್ಪತ್ತಾರು. ಇಷ್ಟು ವರ್ಷ ಮಹಡಿಯ ಮೇಲೆ ಮಲಗುತ್ತಿದ್ದರು. ಹೋದ ಮಳೆಗಾಲದಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಪ್ಲೇಟು ಹಾಕಿದರು, ವಾಕರ್ ಬಂತು. ಮಹಡಿ ಹತ್ತುವ ಮಾತು ಅಲ್ಲಿಗೆ ಮುಗಿಯಿತು.

ಕೆಳಗಿನ ಆಫೀಸ್ ರೂಮನ್ನೇ ಮಲಗುವ ಕೋಣೆ ಮಾಡಬೇಕು, ಪಕ್ಕದ ಬಚ್ಚಲು ಮತ್ತು ಕಕ್ಕಸನ್ನು ಸೇರಿಸಿ ದೊಡ್ಡದು ಮಾಡಬೇಕು, ಬಾಗಿಲಲ್ಲಿ ಗಾಲಿ ಕುರ್ಚಿ ಹತ್ತಲು ಇಳಿಜಾರು ಕಟ್ಟಬೇಕು. ಬೆಂಗಳೂರಿನಲ್ಲಿರುವ ಮಗ ಇಷ್ಟನ್ನು ತೀರ್ಮಾನ ಮಾಡಿದ. ತೀರ್ಮಾನ ಮಾಡಿದವನೇ ಇಂಟೀರಿಯರ್ ಕೆಲಸದ ಹುಡುಗಿಯೊಬ್ಬಳಿಂದ ‘ತ್ರೀಡಿ’ ಮಾಡಿಸಿ ಅಪ್ಪನ ಫೋನಿಗೆ ಕಳಿಸಿದ. ತ್ರೀಡಿ ಅಂದರೆ ಏನೆಂದು ಈಗ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟುವ ಮೊದಲೇ ಕಟ್ಟಿದ ಹಾಗೆ ಕಂಪ್ಯೂಟರಿನಲ್ಲಿ ತೆಗೆದ ಚಿತ್ರ. ಕಸುಬಿನವರು ಅದಕ್ಕೆ ‘ರೆಂಡರ್’ ಅನ್ನುತ್ತಾರೆ.

ಮೇಷ್ಟ್ರು ಚಿತ್ರ ನೋಡಿದರು. ಗೋಡೆಗೆಲ್ಲ ಹೊಳೆಯುವ ಸ್ಟೀಲ್ ಪೈಪು. ಬಿಳಿ ಟೈಲ್ಸು. ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ.

‘ಇದು ಮನೆಯೋ ನರ್ಸಿಂಗ್ ಹೋಮೋ? ನಾನು ಇದರಾಗ ಸ್ನಾನ ಮಾಡಂಗಿಲ್ಲ’ ಅಂದರು. ಫೋನು ಪಕ್ಕಕ್ಕಿಟ್ಟರು.

ಮಗ ಹುಡುಗಿಗೆ ಹೇಳಿ ಎರಡನೇ ಚಿತ್ರ ತರಿಸಿದ. ಇದರಲ್ಲಿ ಪೈಪೇ ಇಲ್ಲ! ಕಂದು ಕಲ್ಲಿನ ಗೋಡೆ, ಕನ್ನಡಿಯಂಥ ನೆಲ, ಅದರಲ್ಲಿ ಕಿಟಕಿಯ ಬೆಳಕು, ಕುಂಡದಲ್ಲಿ ಗಿಡ, ಬಾಗಿಲಿಗೆ ಮೆತ್ತಗಿನ ಇಳಿಜಾರು. ಮೇಷ್ಟ್ರಿಗೆ ಬಹಳ ಹಿಡಿಸಿತು. ಗೋಡೆ ಒಡೆಯಲು ಬಂದಿದ್ದ ಮೇಸ್ತ್ರಿಗೆ ತೋರಿಸಿದರು. ಮೇಸ್ತ್ರಿ ನೋಡಿ ನಕ್ಕ.

‘ಸಾರ್, ಚಿತ್ರ ಚಲೋ ಐತಿ. ಇದರಾಗ ಅಜ್ಜಿ ಮತ್ತೊಂದು ಸಲ ಬೀಳ್ತಾರ.’

ಮೇಸ್ತ್ರಿ ಹೇಳಿದ್ದು ಸರಿಯೇ. ಮೊದಲನೇ ಚಿತ್ರ ಆಸ್ಪತ್ರೆಯಾಗಿತ್ತು, ಎರಡನೆಯದು ಸುಳ್ಳಾಗಿತ್ತು. ಈ ಎರಡರ ನಡುವಿನ ಮೂರನೇ ಚಿತ್ರ ಹೇಗೆ ತಯಾರಾಯಿತು ಅನ್ನುವುದೇ ಇಲ್ಲಿಯ ವಿಷಯ. ವಯಸ್ಸಾದವರಿಗಾಗಿ ಮನೆ ಸರಿಮಾಡಿಸುವವರು ಊರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಎಲ್ಲರೂ ಮೊದಲು ಕೇಳುವುದು ತ್ರೀಡಿಯನ್ನೇ. ಅದನ್ನು ಓದುವುದು ಮಾತ್ರ ಯಾರಿಗೂ ಬರುವುದಿಲ್ಲ.

ಆರಡಿ ಇಳಿಜಾರಿನ ಮೋಸ

ಮೊದಲು ಬಾಗಿಲ ಮುಂದಿನ ಕತೆ. ಈ ಮನೆಯ ಪಾಯ ನೆಲದಿಂದ ಒಂದೂವರೆ ಅಡಿ ಎತ್ತರ. ಮೂರು ಮೆಟ್ಟಿಲು ಹತ್ತಿ ಜಗುಲಿಗೆ ಬರಬೇಕು. ಎರಡನೇ ಚಿತ್ರದಲ್ಲಿ ಹುಡುಗಿ ಮೆಟ್ಟಿಲ ಪಕ್ಕದಲ್ಲೇ ಅಂಗಳದ ಕಡೆಗೆ ಆರಡಿ ಉದ್ದದ ಇಳಿಜಾರು ಇಟ್ಟಿದ್ದಳು. ಚಿತ್ರದಲ್ಲಿ ಅದು ಎಷ್ಟು ಸಲೀಸಾಗಿ ಕಾಣುತ್ತಿತ್ತು ಅಂದರೆ, ಕೂಸು ಕೂಡ ಅಂಬೆಗಾಲಲ್ಲಿ ಹತ್ತಬಹುದು ಅನ್ನಿಸುತ್ತಿತ್ತು.

ಲೆಕ್ಕ ಹಾಕಿ ನೋಡಿ. ಎತ್ತರ 18 ಇಂಚು, ಉದ್ದ 72 ಇಂಚು. ನಾಲ್ಕಕ್ಕೆ ಒಂದು. ಸ್ಕೂಟರ್ ಹತ್ತಿಸಲು ಇದು ಸಾಕು. ಗಾಲಿ ಕುರ್ಚಿಯಲ್ಲಿ ಕೂತ ಮುದುಕಿಯನ್ನು ಇದರ ಮೇಲೆ ತಳ್ಳುವವನು ಪೈಲ್ವಾನನಾಗಿರಬೇಕು. ಇಳಿಸುವಾಗ ಕೈ ಜಾರಿದರೆ ಕುರ್ಚಿ ಸೀದಾ ಗೇಟಿಗೆ. ಗಾಲಿ ಕುರ್ಚಿಗೆ ಹನ್ನೆರಡಕ್ಕೆ ಒಂದಕ್ಕಿಂತ ಕಡಿದಾದ ಇಳಿಜಾರು ಕೂಡದು ಎಂಬುದು ಎಲ್ಲ ಕಡೆ ಒಪ್ಪಿದ ಲೆಕ್ಕ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಸುಗಮ ಪ್ರವೇಶದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಸಾರ್ವಜನಿಕ ಕಟ್ಟಡಕ್ಕೆ ಮಾಡಿದ ನಿಯಮವಾದರೂ ಮನೆಯ ಅಜ್ಜಿಯ ಕುರ್ಚಿಗೂ ಗಾಲಿ ನಾಲ್ಕೇ. ಅಂದರೆ 18 ಇಂಚು ಎತ್ತರಕ್ಕೆ 18 ಅಡಿ ಉದ್ದ. ಒಂದು ಇಂಚಿಗೆ ಒಂದು ಅಡಿ ಅಂತ ನೆನಪಿಟ್ಟುಕೊಂಡರೆ ಸಾಕು.

ಹಾಗಾದರೆ ಚಿತ್ರದಲ್ಲಿ ಅದು ಮೆತ್ತಗೆ ಕಂಡದ್ದು ಹೇಗೆ? ಕ್ಯಾಮರಾ ಗೇಟಿನ ಹತ್ತಿರ, ಇಳಿಜಾರಿಗೆ ನೇರ ಎದುರಾಗಿ ನಿಂತಿತ್ತು. ಇಳಿಜಾರನ್ನು ಎದುರಿನಿಂದ ನೋಡಿದರೆ ಅದರ ಕಡಿದು ಕಣ್ಣಿಗೆ ಬೀಳುವುದಿಲ್ಲ, ನೆಲಕ್ಕೆ ಚಾಪೆ ಹಾಸಿದ ಹಾಗೆ ಕಾಣುತ್ತದೆ. ಅದನ್ನೇ ಪಕ್ಕದಿಂದ ನೋಡಿದರೆ ನಿಜ ಬಣ್ಣ ಬಯಲು. ಆದ್ದರಿಂದ ಇಳಿಜಾರಿನ ಚಿತ್ರ ಕೇಳುವವರು ಪಕ್ಕದಿಂದ ತೆಗೆದದ್ದನ್ನೇ ಕೇಳಬೇಕು.

ಅಂಗಳದ ಆಳ ಹತ್ತೇ ಅಡಿ. 18 ಅಡಿ ಎಲ್ಲಿಂದ ತರುವುದು? ಬಹಳ ಮನೆಯವರು ಇಲ್ಲಿ ಮಾಡುವುದೇನು ಅಂದರೆ ಇಳಿಜಾರನ್ನು ಗೇಟು ದಾಟಿಸಿ, ಚರಂಡಿ ಮುಚ್ಚಿ, ರಸ್ತೆಗೆ ಚಾಚುವುದು. ಮಳೆ ಬಂದಾಗ ನೀರು ಪಕ್ಕದ ಮನೆಗೆ, ಜಗಳ ವಾರ್ಡಿಗೆ. ಮೇಸ್ತ್ರಿ ಬೇರೆ ದಾರಿ ಹೇಳಿದ. ಸೈಟು 40 ಅಡಿ ಅಗಲ ಇದೆಯಲ್ಲ, ಇಳಿಜಾರನ್ನು ರಸ್ತೆಯ ಕಡೆಗೆ ತಿರುಗಿಸುವ ಬದಲು ಮನೆ ಗೋಡೆಯ ಉದ್ದಕ್ಕೆ ಮಲಗಿಸಿಬಿಡಿ. ಗೇಟಿನ ಹತ್ತಿರ ಕುರ್ಚಿ ತಿರುಗಲು ಐದಡಿ ಸಮತಟ್ಟು, ಅಲ್ಲಿಂದ 18 ಅಡಿ ಇಳಿಜಾರು, ಮೇಲೆ ಜಗುಲಿಯೇ ಸಮತಟ್ಟು. ಒಟ್ಟು 23 ಅಡಿ ಉದ್ದ, ಅಗಲ ನಾಲ್ಕಡಿ. ಮುಂದೆ ಆರಡಿ ಜಾಗ ಮಿಕ್ಕಿತು. ಅಲ್ಲಿ ಅಜ್ಜಿಯ ದಾಸವಾಳ, ಕನಕಾಂಬರ ಹಾಗೇ ಇರುತ್ತವೆ.

ಮೂರನೇ ಚಿತ್ರದಲ್ಲಿ ಇಳಿಜಾರು ಅಂತ ಅನ್ನಿಸುವುದೇ ಇಲ್ಲ. ಗಿಡಗಳ ಹಿಂದೆ ಒಂದು ಕಲ್ಲು ಹಾದಿ ಮನೆಗೆ ಹೋದ ಹಾಗಿದೆ. ನೆಲಕ್ಕೆ ಒರಟು ಸಾದರಹಳ್ಳಿ ಕಲ್ಲು. ತೆರೆದ ಬದಿಗೆ ನಾಲ್ಕಿಂಚು ಎತ್ತರದ ಅಂಚುಕಟ್ಟೆ. ನೋಡುವವರಿಗೆ ಅದು ಹೂವಿನ ಪಾತಿಯ ಕಟ್ಟೆ, ನಿಜವಾಗಿ ಅದು ಕುರ್ಚಿಯ ಗಾಲಿ ಆಚೆ ಜಾರದಂತೆ ತಡೆಯುವ ಕಟ್ಟೆ. ಎರಡೂ ಬದಿಗೆ ಸುಮಾರು ಮೂರಡಿ ಎತ್ತರದಲ್ಲಿ ಕೈಕಂಬಿ, ಜಗುಲಿಯ ಹಳೆಯ ಕಟಾಂಜನದ ಮಾದರಿಯಲ್ಲೇ. ಕಂಬಿ ಇಳಿಜಾರು ಮುಗಿದಲ್ಲೇ ಮುಗಿಯದೆ ಎರಡೂ ತುದಿಗೆ ಒಂದೊಂದು ಅಡಿ ಮುಂದಕ್ಕೆ ಹೋಗಿದೆ. ಯಾಕೆಂದರೆ ಮನುಷ್ಯ ತತ್ತರಿಸುವುದು ನಡುವಿನಲ್ಲಲ್ಲ, ಇಳಿಜಾರು ಶುರುವಾಗುವ ಮತ್ತು ಮುಗಿಯುವ ಜಾಗದಲ್ಲಿ.

ಮೆಟ್ಟಿಲು ಕೀಳಿಸಬೇಡಿ ಅಂತ ಮೇಷ್ಟ್ರು ಹಟ ಹಿಡಿದರು. ಅದೂ ಒಳ್ಳೆಯದೇ. ಕೋಲು ಹಿಡಿದು ನಡೆಯುವ ಎಷ್ಟೋ ಮುದುಕರಿಗೆ ಉದ್ದ ಇಳಿಜಾರಿಗಿಂತ ಕಂಬಿ ಇರುವ ಮೂರು ಮೆಟ್ಟಿಲೇ ಹಗುರ. ಇಳಿಜಾರಿನಲ್ಲಿ ಪಾದ ಪೂರ್ತಿ ಓರೆಯಾಗಿ ಊರಬೇಕು, ಮಂಡಿ ಹಿಡಿದುಕೊಳ್ಳುತ್ತದೆ. ಎರಡೂ ಉಳಿದವು.

ನೆಲದಲ್ಲಿ ಕಿಟಕಿ ಕಂಡರೆ ಎಚ್ಚರ

ಈಗ ಬಚ್ಚಲಿಗೆ ಬರೋಣ. ಮೇಸ್ತ್ರಿ ‘ಅಜ್ಜಿ ಬೀಳ್ತಾರ’ ಅಂದದ್ದು ಎರಡನೇ ಚಿತ್ರದ ನೆಲ ನೋಡಿ. ಆ ನೆಲದಲ್ಲಿ ಕಿಟಕಿಯ ಸರಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಕಿಟಕಿ ಕಾಣುವ ನೆಲ ಪಾಲಿಶ್ ನೆಲ. ನೀರು ಬಿದ್ದರೆ ಗಾಜು.

ಹುಡುಗಿ ಫೋನಿನಲ್ಲಿ ಹೇಳಿದ್ದು ಬೇರೆ: ‘ಇಲ್ಲ ಅಂಕಲ್, ನಾನು ಹಾಕಿರೋದು ಆ್ಯಂಟಿ ಸ್ಕಿಡ್ ಟೈಲ್ಸೇ. ರೆಂಡರ್ ಚೆನ್ನಾಗಿ ಬರ್ಲಿ ಅಂತ ಸ್ವಲ್ಪ ಶೈನಿಂಗ್ ಕೊಟ್ಟಿದೀನಿ.’

ಎಡವಟ್ಟು ಆಗುವುದೇ ಇಲ್ಲಿ. ಬ್ಲೆಂಡರ್ ಮುಂತಾದ ಪ್ರೋಗ್ರಾಮುಗಳಲ್ಲಿ ಪ್ರತಿ ಸಾಮಾನಿಗೂ ‘ರಫ್‌ನೆಸ್’ ಎಂಬ ಒಂದು ಅಂಕಿ ಇರುತ್ತದೆ. ಸೊನ್ನೆ ಇಟ್ಟರೆ ಕನ್ನಡಿ, ಒಂದು ಇಟ್ಟರೆ ಸೀಮೆಸುಣ್ಣ. ಒರಟು ಟೈಲ್ಸಿಗೆ ಅರ್ಧಕ್ಕಿಂತ ಮೇಲೆ, 0.6ರಿಂದ 0.8ರ ಆಸುಪಾಸಿನಲ್ಲಿ ಇಟ್ಟರೆ ಅದು ಒರಟಾಗಿಯೇ ಕಾಣುತ್ತದೆ. ಕಿಟಕಿಯ ಬೆಳಕು ನೆಲದ ಮೇಲೆ ಮಬ್ಬಾಗಿ ಹರಡುತ್ತದೆ, ಸರಳು ಕಾಣುವುದಿಲ್ಲ. ಆದರೆ ಹಾಗೆ ಬಂದ ಚಿತ್ರ ಗಿರಾಕಿಗೆ ಮಂಕು ಅನ್ನಿಸುತ್ತದೆ. ಅದಕ್ಕೇ ಅಂಕಿಯನ್ನು 0.1ಕ್ಕೆ ಇಳಿಸಿ ಹೊಳಪು ಬರಿಸುತ್ತಾರೆ. ಗಿರಾಕಿ ಆ ಹೊಳಪನ್ನು ಮೆಚ್ಚಿ, ಅದೇ ಚಿತ್ರ ಹಿಡಿದು ಟೈಲ್ಸ್ ಅಂಗಡಿಗೆ ಹೋಗುತ್ತಾನೆ. ಅಂಗಡಿಯವನು ಚಿತ್ರಕ್ಕೆ ಸರಿಹೊಂದುವುದನ್ನೇ ತೆಗೆದು ಕೊಡುತ್ತಾನೆ. ಯಾರೂ ಸುಳ್ಳು ಹೇಳಲಿಲ್ಲ, ಮನೆಗೆ ಮಾತ್ರ ಜಾರುವ ಟೈಲ್ಸು ಬಂತು!

ಚಿತ್ರದಲ್ಲಿ ಒರಟು ಕಂಡಿತು ಅಂದಮಾತ್ರಕ್ಕೆ ನಿಜವಾಗಿ ಜಾರುವುದಿಲ್ಲ ಅಂತಲೂ ಅಲ್ಲ. ಕಂಪ್ಯೂಟರಿನ ಆ ಅಂಕಿ ಬೆಳಕಿನ ಲೆಕ್ಕ, ಕಾಲಿನ ಲೆಕ್ಕವಲ್ಲ. ಕಾಲಿನ ಲೆಕ್ಕ ಟೈಲ್ಸ್ ಡಬ್ಬದ ಮೇಲೆ ಇರುತ್ತದೆ. ಅಲ್ಲೂ ಒಂದು ತೊಡಕು ಇದೆ. ಅಂಗಡಿಯವರು ‘ಆರ್ 10, ಆರ್ 11’ ಅನ್ನುತ್ತಾರೆ. ಅದು ಜರ್ಮನ್ನರ ಪರೀಕ್ಷೆ. ಒಬ್ಬ ಮನುಷ್ಯ ಬೂಟು ಹಾಕಿಕೊಂಡು, ಎಣ್ಣೆ ಸುರಿದ ಹಲಗೆಯ ಮೇಲೆ ನಡೆಯುತ್ತಾನೆ. ಹಲಗೆಯನ್ನು ಸ್ವಲ್ಪ ಸ್ವಲ್ಪವೇ ಓರೆ ಮಾಡುತ್ತ ಹೋಗುತ್ತಾರೆ, ಅವನು ಎಲ್ಲಿ ಜಾರುತ್ತಾನೋ ಅದರ ಮೇಲೆ ನಂಬರು. ಇದು ಕಾರ್ಖಾನೆ, ಗ್ಯಾರೇಜು, ಹೋಟೆಲಿನ ಅಡಿಗೆಮನೆಗೆ ತಕ್ಕ ಪರೀಕ್ಷೆ. ಬಚ್ಚಲಲ್ಲಿ ಬೂಟು ಹಾಕುವವರು ಯಾರು? ಬರಿಗಾಲು ಮತ್ತು ಸೋಪಿನ ನೀರಿಗೆ ಬೇರೆಯೇ ಪರೀಕ್ಷೆ ಇದೆ. ಅದರ ದರ್ಜೆ ಎ, ಬಿ, ಸಿ. ಸ್ನಾನ ಮಾಡುವ ಜಾಗಕ್ಕೆ ಬಿ ಬೇಕು, ಸಿ ಇನ್ನೂ ಗಟ್ಟಿ. ಮೇಷ್ಟ್ರ ಮಗ ಹೋದ ಮೊದಲ ಅಂಗಡಿಯಲ್ಲಿ ಹೀಗೊಂದು ದರ್ಜೆ ಇದೆ ಅನ್ನುವುದೇ ಗೊತ್ತಿರಲಿಲ್ಲ. ಎರಡನೆಯವರು ಕಂಪನಿಯ ಪುಸ್ತಕ ತೆಗೆದು ತೋರಿಸಿದರು.

ಪುಸ್ತಕವೂ ಸಿಗದಿದ್ದರೆ? ಒಂದು ಟೈಲ್ಸ್ ಮನೆಗೆ ತನ್ನಿ. ಸಮ ನೆಲದ ಮೇಲೆ ಇಟ್ಟು ಸೋಪಿನ ನೀರು ಸುರಿದು, ಗಟ್ಟಿಮುಟ್ಟಾದ ಒಬ್ಬರು ಗೋಡೆ ಹಿಡಿದುಕೊಂಡು ಬರಿಗಾಲಿನ ಹಿಮ್ಮಡಿ ಒತ್ತಿ ನೋಡಲಿ. ಮುದುಕರ ಕೈಲಿ ಈ ಪರೀಕ್ಷೆ ಬೇಡ. ಇದು ಜರ್ಮನ್ ಪರೀಕ್ಷೆಗೆ ಸಮವಲ್ಲ, ಆದರೆ ಕೆಟ್ಟ ಟೈಲ್ಸು ಅಷ್ಟರಲ್ಲೇ ಸಿಕ್ಕಿಬೀಳುತ್ತದೆ.

ಕೊನೆಗೆ ಆರಿಸಿದ್ದು ಶಹಾಬಾದ್ ಕಲ್ಲಿನ ಬೂದು ಬಣ್ಣದ, ಹೊಳಪಿಲ್ಲದ, ಚಿಕ್ಕ ಚಿಕ್ಕ ಟೈಲ್ಸು. ಚಿಕ್ಕದು ಯಾಕೆ? ಟೈಲ್ಸು ಚಿಕ್ಕದಾದಷ್ಟೂ ಸಂದು ಹೆಚ್ಚು, ಸಂದು ಹೆಚ್ಚಾದಷ್ಟೂ ಕಾಲಿಗೆ ಹಿಡಿತ. ಎರಡಡಿ-ನಾಲ್ಕಡಿಯ ದೊಡ್ಡ ಹಲಗೆ ನೋಡಲು ಚೆಂದ, ಆದರೆ ನೀರು ಹರಿಯುವ ಓಟ ಕೊಡುವುದೂ ಅದರಲ್ಲಿ ಕಷ್ಟ. ಮೇಷ್ಟ್ರಿಗೆ ನಿಜವಾದ ಶಹಾಬಾದ್ ಕಲ್ಲನ್ನೇ ಹಾಕಿಸುವ ಆಸೆ ಇತ್ತು. ಅದು ನೀರು ಕುಡಿಯುತ್ತದೆ, ಎಣ್ಣೆ ಕಲೆ ಬಿಡುವುದಿಲ್ಲ ಅಂತ ಮೇಸ್ತ್ರಿ ಬೇಡವೆಂದ. ಕಲ್ಲು ಜಗುಲಿಗೆ ಹೋಯಿತು.

ಬಚ್ಚಲ ಬಾಗಿಲ ಹೊಸ್ತಿಲೂ ಹೋಯಿತು. ನಮ್ಮ ಮನೆಗಳಲ್ಲಿ ಬಚ್ಚಲ ನೆಲ ಒಂದೆರಡು ಇಂಚು ತಗ್ಗು, ನೀರು ಆಚೆ ಬರಬಾರದು ಅಂತ. ವಾಕರ್ ಹಿಡಿದವರು ಎಡವುವುದು ಆ ಎರಡು ಇಂಚಿಗೇ. ಕೆಳಮನೆಯಾದ್ದರಿಂದ ಒಂದು ಅನುಕೂಲ, ನೆಲ ಅಗೆದು ಓಟವನ್ನು ಒಳಗೇ ಕೊಡಬಹುದು. ಬಾಗಿಲಲ್ಲಿ ಕೋಣೆಯ ನೆಲವೂ ಬಚ್ಚಲ ನೆಲವೂ ಒಂದೇ ಮಟ್ಟ. ಅಲ್ಲಿಂದ ಎದುರು ಗೋಡೆಯ ಕಡೆಗೆ ಐದಾರು ಅಡಿಗೆ ಒಂದು ಇಂಚು ಇಳಿಸಿ, ಗೋಡೆ ಬುಡದಲ್ಲಿ ಉದ್ದನೆಯ ಜಾಲರಿ ಮೋರಿ. ಚಿತ್ರದಲ್ಲಿ ಈ ಓಟ ಕಾಣುವುದೇ ಇಲ್ಲ, ಯಾಕೆಂದರೆ ಕಂಪ್ಯೂಟರಿನವರು ನೆಲವನ್ನು ಚಪ್ಪಟೆ ಹಾಳೆಯಾಗಿ ಬರೆಯುತ್ತಾರೆ. ಇದನ್ನು ಮೇಸ್ತ್ರಿಗೆ ಬೇರೆ ಚೀಟಿಯಲ್ಲಿ ಬರೆದುಕೊಡಬೇಕು.

ಕಂಬಿ ಹಿಡಿಯುವುದು ಗೋಡೆಯನ್ನಲ್ಲ, ಇಟ್ಟಿಗೆಯನ್ನು

ಮೇಷ್ಟ್ರ ಹಟವೆಲ್ಲ ಇದ್ದದ್ದು ಕಂಬಿಯ ಮೇಲೆ. ಆದರೆ ಅಜ್ಜಿಗೆ ಕಂಬಿ ಇಲ್ಲದೆ ಆಗುವುದಿಲ್ಲ. ಮುದುಕರು ಬೀಳುವಾಗ ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ. ಸಾಮಾನ್ಯವಾಗಿ ಸಿಗುವುದು ಟವೆಲ್ ಹಾಕುವ ಸರಳು. ಅದು ಟವೆಲ್ಲಿನ ಭಾರಕ್ಕೆ ಮಾಡಿದ್ದು, ಕಿತ್ತುಕೊಂಡು ಕೈಗೆ ಬರುತ್ತದೆ.

ಹುಡುಗಿಗೆ ಇಲ್ಲಿ ಒಂದು ಒಳ್ಳೆ ಉಪಾಯ ಹೊಳೆಯಿತು. ಕಂಬಿಯನ್ನು ಬಚ್ಚಿಡುವ ಬದಲು ಎಲ್ಲ ಸರಳನ್ನೂ ಕಂಬಿಯನ್ನಾಗಿಯೇ ಮಾಡಿಬಿಟ್ಟಳು. ಟವೆಲ್ ಹಾಕುವುದೂ ಹಿಡಿಗಂಬಿ, ಸೋಪಿನ ಗೂಡಿನ ಮುಂದಿನ ಪಟ್ಟಿಯೂ ಹಿಡಿಗಂಬಿ, ಸಿಂಕಿನ ಪಕ್ಕದ್ದೂ ಹಿಡಿಗಂಬಿ. ಎಲ್ಲಕ್ಕೂ ಹಳೆ ಹಿತ್ತಾಳೆಯ ಮಂಕು ಬಣ್ಣದ ಲೇಪ, ಒಳಗೆ ಸ್ಟೀಲು. ದಪ್ಪ ಒಂದೂವರೆ ಇಂಚು, ಮುಷ್ಟಿ ತುಂಬಿ ಹಿಡಿಯುವಷ್ಟು. ಗೋಡೆಗೂ ಕಂಬಿಗೂ ನಡುವೆ ಒಂದೂವರೆ ಇಂಚು ಸಂದು. ಸಂದು ಇದಕ್ಕಿಂತ ಹೆಚ್ಚಾದರೆ ಕೈ ಜಾರಿದಾಗ ಮೊಣಕೈ ಒಳಗೆ ಸಿಕ್ಕಿಕೊಳ್ಳುತ್ತದೆ. ಕಡಿಮೆಯಾದರೆ ಬೆರಳು ಹೋಗುವುದಿಲ್ಲ. ಮಲಗುವ ಕೋಣೆಯಿಂದ ಬಚ್ಚಲ ಬಾಗಿಲವರೆಗೆ ಗೋಡೆಗೆ ಸಾಗುವಾನಿಯ ಪಟ್ಟಿ. ನೋಡಿದವರು ಗೋಡೆಯ ಅಲಂಕಾರ ಅನ್ನಬೇಕು, ಅಜ್ಜಿ ಅದರ ಮೇಲೆ ಕೈ ಜಾರಿಸುತ್ತ ನಡೆಯಬೇಕು.

ಚಿತ್ರ ನೋಡಿ ಮೇಷ್ಟ್ರು ಒಪ್ಪಿದರು. ‘ಇದು ಮನೆ ಹಂಗೈತಿ’ ಅಂದರು.

ಒಂದು ತಕರಾರು ಮಾತ್ರ ಉಳಿದಿತ್ತು. ಮೊದಲು ಹುಡುಗಿ ಕಂದು ಗೋಡೆಗೆ ಕಂದು ಕಂಬಿಯನ್ನೇ ಇಟ್ಟಿದ್ದಳು, ಕಣ್ಣಿಗೆ ಹೊಡೆಯದಿರಲಿ ಅಂತ. ಕಣ್ಣಿಗೆ ಹೊಡೆಯದ ಕಂಬಿ ಪೊರೆ ಬಂದ ಕಣ್ಣಿಗೆ ಕಾಣುವುದೂ ಇಲ್ಲ. ಅರವತ್ತರ ಕಣ್ಣಿಗೆ ಇಪ್ಪತ್ತರ ಕಣ್ಣಿಗಿಂತ ಸುಮಾರು ಮೂರು ಪಟ್ಟು ಬೆಳಕು ಬೇಕು ಅನ್ನುತ್ತಾರೆ ಬಲ್ಲವರು. ಇದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ತ್ರೀಡಿ ಚಿತ್ರವನ್ನು ಫೋನಿನಲ್ಲೇ ಕಪ್ಪು-ಬಿಳುಪು ಮಾಡಿ ನೋಡಿ. ಕಂಬಿ ಗೋಡೆಯಲ್ಲಿ ಕರಗಿಹೋದರೆ ಬಣ್ಣ ಬದಲಿಸಿ. ಕಮೋಡು ನೆಲದಲ್ಲಿ ಕರಗಿದರೂ ಅಷ್ಟೆ. ಮೇಷ್ಟ್ರ ಮನೆಯ ಗೋಡೆ ಕೆನೆ ಬಣ್ಣಕ್ಕೆ ತಿರುಗಿತು, ಕಂಬಿ ಗಾಢ ಹಿತ್ತಾಳೆಯಾಗಿ ಉಳಿಯಿತು. ಚೆಂದ ಕೆಡಲಿಲ್ಲ. ಇದೇ ಪರೀಕ್ಷೆಯಲ್ಲಿ ಬಾಗಿಲ ಮುಂದಿನ ಕರಿ ಕಾಲೊರಸೂ ಸಿಕ್ಕಿಬಿತ್ತು. ಮಸುಕು ಕಣ್ಣಿಗೆ ಅದು ಹಳ್ಳದ ಹಾಗೆ ಕಾಣುತ್ತದೆ, ಮುದುಕರು ದಾಟಲು ಹೋಗಿ ಮುಗ್ಗರಿಸುತ್ತಾರೆ.

ಎತ್ತರದ ವಿಷಯ. ಕಂಪ್ಯೂಟರಿನಲ್ಲಿ ಕಂಬಿಗಳು ಸಿದ್ಧ ಮಾದರಿಗಳಾಗಿ ಸಿಗುತ್ತವೆ, ಎಳೆದು ತಂದು ಅಂಟಿಸುವುದಷ್ಟೇ ಕೆಲಸ. ಹೆಚ್ಚಿನವು ಅಮೆರಿಕದ ಅಳತೆಯವು. ಅಲ್ಲಿ ಕಮೋಡಿನ ಪಕ್ಕದ ಕಂಬಿ ನೆಲದಿಂದ 33ರಿಂದ 36 ಇಂಚು. ಹುಡುಗಿಯ ಚಿತ್ರದಲ್ಲಿ 34 ಇತ್ತು. ಮೇಸ್ತ್ರಿ ಅದನ್ನು ನಂಬಲಿಲ್ಲ. ಅಜ್ಜಿಯನ್ನು 18 ಇಂಚು ಎತ್ತರದ ಕುರ್ಚಿಯಲ್ಲಿ ಗೋಡೆ ಪಕ್ಕ ಕೂರಿಸಿ, ‘ಏಳೋಕೆ ಎಲ್ಲಿ ಕೈ ಊರ್ತೀರಿ ಊರ್ರಿ ಅವ್ವಾ’ ಅಂದ. ಅಜ್ಜಿ ಊರಿದಲ್ಲಿ ಸೀಮೆಸುಣ್ಣದ ಗೆರೆ ಎಳೆದು ಟೇಪು ಹಿಡಿದರೆ 28 ಇಂಚು! ಆರು ಇಂಚು ವ್ಯತ್ಯಾಸ. 34ರಲ್ಲಿ ಇದ್ದಿದ್ದರೆ ಅಜ್ಜಿ ಕೈಯನ್ನು ಭುಜದ ತನಕ ಎತ್ತಿ ನೇತಾಡಬೇಕಿತ್ತು. ಎದ್ದ ಮೇಲೆ ಹಿಡಿಯಲು ನೆಟ್ಟಗಿನ ಕಂಬಿ ಒಂದು ಬೇಕು, ಅದೂ ಸೇರಿ ಎಲ್ ಆಕಾರವಾಯಿತು. ಕಮೋಡಿನ ಸೀಟಿನ ಎತ್ತರವೂ ಅದೇ 18 ಇಂಚಿಗೆ ನಿಂತಿತು. ಪೇಟೆಯಲ್ಲಿ ಸಿಗುವ ಸಾಧಾರಣ ಕಮೋಡು ಇದಕ್ಕಿಂತ ಎರಡು-ಮೂರು ಇಂಚು ತಗ್ಗು. ಗೋಡೆಗೆ ನೇತುಹಾಕುವ ಜಾತಿಯದನ್ನು ಬೇಕಾದ ಎತ್ತರಕ್ಕೆ ಕೂರಿಸಬಹುದು. ಕಮೋಡಿನ ನಡು ಪಕ್ಕದ ಗೋಡೆಯಿಂದ ಒಂದೂವರೆ ಅಡಿ, ಅದಕ್ಕಿಂತ ದೂರವಾದರೆ ಕಂಬಿ ಕೈಗೆ ಎಟುಕದು.

ಇನ್ನು ಎಲ್ಲರೂ ಮರೆಯುವುದು, ಚಿತ್ರ ಎಂದೂ ತೋರಿಸದೇ ಇರುವುದು, ಗೋಡೆಯ ಹೊಟ್ಟೆ. ಅಮೆರಿಕದ ನಿಯಮದಂತೆ ಹಿಡಿಗಂಬಿ 250 ಪೌಂಡು, ಅಂದರೆ 113 ಕಿಲೋ ಸೆಳೆತ ತಾಳಬೇಕು. ತಾಳುವುದು ಕಂಬಿಯಲ್ಲ, ಅದರ ಹಿಂದಿನ ಮೊಳೆ. ಟೈಲ್ಸು ಅರ್ಧ ಇಂಚಿಗೆ ಸ್ವಲ್ಪ ಕಡಿಮೆ, ಅದರ ಹಿಂದಿನ ಗಾರೆ ಮುಕ್ಕಾಲು ಇಂಚು. ಪ್ಯಾಕೆಟ್ಟಿನಲ್ಲಿ ಕೊಡುವ ಒಂದೂವರೆ ಇಂಚಿನ ಸ್ಕ್ರೂ ಇವೆರಡನ್ನು ದಾಟುವಷ್ಟರಲ್ಲೇ ಮುಗಿಯುತ್ತದೆ. ಇಟ್ಟಿಗೆಗೆ ಸೇರುವುದು ಕಾಲು ಇಂಚೋ ಅದಕ್ಕಿಂತ ತುಸು ಹೆಚ್ಚೋ. ಮೊದಮೊದಲು ಗಟ್ಟಿ ಅನ್ನಿಸುತ್ತದೆ. ಆರು ತಿಂಗಳು ಕಳೆದ ಮೇಲೆ ಬುಡದ ಬಿಲ್ಲೆ ಅಲ್ಲಾಡುತ್ತದೆ, ಅದರ ಸುತ್ತ ಕರಿ ಗೆರೆ ಮೂಡುತ್ತದೆ, ಟೈಲ್ಸಿಗೆ ಕೂದಲೆಳೆಯ ಬಿರುಕು. ಇವು ಕಂಡರೆ ಆ ಕಂಬಿಯನ್ನು ಹಿಡಿಯಬೇಡಿ, ಅದೇ ದಿನ ಬಿಚ್ಚಿಸಿ.

ಮೇಷ್ಟ್ರ ಮನೆಯ ಹೊರಗೋಡೆ ಒಂಬತ್ತಿಂಚು ಇಟ್ಟಿಗೆ, ಅಲ್ಲಿ ಉದ್ದದ ಆ್ಯಂಕರ್ ಬೋಲ್ಟು ಸಾಕು. ಕಮೋಡಿನ ಪಕ್ಕದ ಹೊಸ ಗೋಡೆ ಮಾತ್ರ ಟೊಳ್ಳು ಸಿಮೆಂಟ್ ಬ್ಲಾಕಿನದು. ಟೊಳ್ಳಿನಲ್ಲಿ ಬೋಲ್ಟು ಹಿಡಿಯುವುದು ಏನನ್ನು, ಗಾಳಿಯನ್ನು? ಮೇಸ್ತ್ರಿ ಕಂಬಿ ಬರುವ ಜಾಗದ ಬ್ಲಾಕುಗಳ ಹೊಟ್ಟೆಗೆ ಕಟ್ಟುವಾಗಲೇ ಕಾಂಕ್ರೀಟು ತುಂಬಿದ. ಅದಕ್ಕೇ ಕಂಬಿಯ ಜಾಗ ಗಾರೆಗೆ ಮೊದಲು, ಟೈಲ್ಸಿಗೆ ಬಹಳ ಮೊದಲು ತೀರ್ಮಾನ ಆಗಬೇಕು. ತ್ರೀಡಿ ಕೊಡುವವರಿಂದ ಬಣ್ಣದ ಚಿತ್ರದ ಜತೆಗೆ ಪ್ರತಿ ಗೋಡೆಯ ನೇರ ನಕ್ಷೆಯನ್ನೂ ಕೇಳಿ ತೆಗೆದುಕೊಳ್ಳಬೇಕು. ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಅದರಲ್ಲಿ ಅಂಕಿ ಬರೆದಿರಬೇಕು. ಮೇಸ್ತ್ರಿ ಕೆಲಸ ಮಾಡುವುದು ಆ ಹಾಳೆ ನೋಡಿ.

ಏಳಡಿ ಬಚ್ಚಲು ಹಾಲ್ ಆದದ್ದು

ಹಳೆಯ ಬಚ್ಚಲು ನಾಲ್ಕೂವರೆ ಅಡಿ, ಕಕ್ಕಸು ಮೂರಡಿ, ನಡುವೆ ನಾಲ್ಕೂವರೆ ಇಂಚಿನ ಗೋಡೆ. ಅದರ ಮೇಲೆ ಭಾರವಿಲ್ಲ ಅಂತ ಎಂಜಿನಿಯರಿಗೆ ತೋರಿಸಿಕೊಂಡ ಮೇಲೆ ತೆಗೆದರು. ಏಳಡಿಗೆ ಹತ್ತಿರ ಹತ್ತಿರ ಎಂಟಡಿಯ ಬಚ್ಚಲಾಯಿತು. ಎರಡನೇ ಚಿತ್ರದಲ್ಲಿ ಅದೇ ಬಚ್ಚಲು ಕಲ್ಯಾಣಮಂಟಪದ ಹಾಗೆ ಕಾಣುತ್ತಿತ್ತಲ್ಲ, ಅದು ಲೆನ್ಸಿನ ಮಹಿಮೆ. 18 ಎಂಎಂ ಲೆನ್ಸು ಇಟ್ಟರೆ ಒಂದೇ ನೋಟಕ್ಕೆ 90 ಡಿಗ್ರಿ ಸಿಗುತ್ತದೆ, ಮೂಲೆಗಳು ದೂರ ಓಡುತ್ತವೆ. ಮೇಲಾಗಿ ಕಂಪ್ಯೂಟರ್ ಕ್ಯಾಮರಾ ಗೋಡೆಯ ಆಚೆ ನಿಂತು, ಅಡ್ಡ ಬಂದ ಗೋಡೆಯನ್ನು ಮಾಯ ಮಾಡಿ ಚಿತ್ರ ತೆಗೆಯಬಲ್ಲದು. ಮನುಷ್ಯ ನಿಲ್ಲಲಾರದ ಜಾಗದಿಂದ ತೆಗೆದ ಚಿತ್ರದಿಂದ ಮನುಷ್ಯ ಇರುವ ಜಾಗದ ಅಂದಾಜು ಸಿಕ್ಕೀತೇ?

ಮೂರನೇ ಸಲ ಮಗ ಕೇಳಿದ್ದು ಮೂರೇ ಸಂಗತಿ. ಮೇಲಿನಿಂದ ನೋಡಿದ ನಕ್ಷೆಯಲ್ಲಿ ಐದಡಿಯ ಒಂದು ವೃತ್ತ ಎಳೆದು ತೋರಿಸಬೇಕು, ಗಾಲಿ ಕುರ್ಚಿ ತಿರುಗಲು ಅಷ್ಟು ಬೇಕು. ಚಿತ್ರದ ಒಳಗೆ ವಾಕರ್ ಹಿಡಿದ ಮನುಷ್ಯನನ್ನು ನಿಲ್ಲಿಸಬೇಕು. ಮತ್ತು ಕ್ಯಾಮರಾ ನಾಲ್ಕಡಿ ಎತ್ತರದಲ್ಲಿ, ಅಂದರೆ ಕೂತವರ ಕಣ್ಣಿನ ಎತ್ತರದಲ್ಲಿ ಇರಬೇಕು. ಹಾಗೆ ನೋಡಿದಾಗ ಕನ್ನಡಿಯಲ್ಲಿ ಬರೀ ಛಾವಣಿ ಕಂಡಿತು, ಅದನ್ನು ಕೆಳಗಿಳಿಸಿದರು. ದೀಪದ ಸ್ವಿಚ್ಚು ಬಾಗಿಲ ಹಿಂದೆ ಅಡಗಿತ್ತು, ಆಚೆ ತಂದರು.

ಬಾಗಿಲಿನದೇ ಇನ್ನೊಂದು ಕತೆ. ನಮ್ಮಲ್ಲಿ ‘ಎರಡೂವರೆ ಅಡಿ ಬಾಗಿಲು’ ಅಂದರೆ ಚೌಕಟ್ಟಿನ ಹೊರ ಅಳತೆ. ಚೌಕಟ್ಟಿನ ಮರ ಎರಡೂ ಕಡೆ, ಆಮೇಲೆ ಕದದ ದಪ್ಪ ಕಳೆದರೆ ನಡೆಯಲು ಉಳಿಯುವುದು ಎರಡಡಿ. ಸಾಮಾನ್ಯ ಗಾಲಿ ಕುರ್ಚಿಯೇ ಎರಡಡಿಗಿಂತ ಅಗಲ. ಆದ್ದರಿಂದ ಚೌಕಟ್ಟು ಮೂರೂವರೆ ಅಡಿಯದು ಹಾಕಿಸಿದರು, ಒಳಗೆ ಮೂರಡಿ ಸಿಕ್ಕಿತು. ಬಚ್ಚಲ ಕದ ಹೊರಗೆ ತೆರೆಯಬೇಕು, ಇದರಲ್ಲಿ ರಾಜಿ ಬೇಡ. ಒಳಗೆ ತೆರೆಯುವ ಕದಕ್ಕೆ ಅಡ್ಡಲಾಗಿ ಮನುಷ್ಯ ಬಿದ್ದರೆ ಕದ ಒಡೆಯದೆ ಎತ್ತಲಾಗದು. ಚಿಲಕ ಕೂಡ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿದರೆ ತೆರೆಯುವ ಜಾತಿಯದು.

ಸ್ನಾನಕ್ಕೆ ಅಜ್ಜಿಗೆ ಶವರ್ ಆಗುವುದಿಲ್ಲ, ಬಕೀಟು-ಚೊಂಬೇ ಬೇಕು. ತ್ರೀಡಿಯಲ್ಲಿ ಬಕೀಟು ಇಡುವವರು ಯಾರೂ ಇಲ್ಲ, ಚೆಂದ ಕೆಡುತ್ತದಂತೆ! ಇಲ್ಲಿ ಇಡಿಸಿದರು. ಇಟ್ಟ ಮೇಲೆ ಗೊತ್ತಾಯಿತು, ಗೋಡೆಗೆ ಹಾಕಿದ ಮಡಚುವ ಮಣೆಯ ಮೇಲೆ ಕೂತರೆ ನೆಲದ ಬಕೀಟಿಗೆ ಅಜ್ಜಿ ಸೊಂಟ ಬಾಗಿಸಿ ಎಟುಕಬೇಕು. ಆಪರೇಷನ್ ಆದ ಸೊಂಟಕ್ಕೆ ಅದೇ ಕೂಡದು. ಪಕ್ಕದಲ್ಲಿ ಒಂದಡಿ ಎತ್ತರದ ಕಟ್ಟೆ ಕಟ್ಟಿ ಬಕೀಟು ಅದರ ಮೇಲೆ ಬಂತು, ನಲ್ಲಿಯನ್ನೂ ಅಷ್ಟು ಮೇಲೆತ್ತಿದರು. ಕಟ್ಟೆಗೂ ಅದೇ ಬೂದು ಟೈಲ್ಸು.

ಮಲಗುವ ಕೋಣೆಯಲ್ಲಿ ಹೇಳುವಂಥದ್ದು ಕಡಿಮೆ. ಹಳೆ ಕಾವಿ ನೆಲ ಒಣಗಿದ್ದಾಗ ಜಾರದು, ಅದನ್ನು ಕೀಳಿಸಲಿಲ್ಲ. ಮಂಚ 18 ಇಂಚು, ಕೂತರೆ ಪಾದ ನೆಲ ಮುಟ್ಟಬೇಕು. ಮಂಚದಿಂದ ಬಚ್ಚಲವರೆಗೆ ಗೋಡೆಯ ಬುಡದಲ್ಲಿ ಎರಡು ಸಣ್ಣ ದೀಪ, ಕಾಲಿಟ್ಟರೆ ತಾವೇ ಹತ್ತಿಕೊಳ್ಳುವಂಥವು. ರಾತ್ರಿಯ ಒಂದು ಚಿತ್ರವನ್ನೂ ಹುಡುಗಿ ಬರೆದುಕೊಟ್ಟಳು, ಉಳಿದ ದೀಪ ಎಲ್ಲ ಆರಿಸಿ. ಎರಡನೇ ದೀಪ ಕಪಾಟಿನ ಹಿಂದೆ ಮರೆಯಾಗಿದ್ದು ಅದರಲ್ಲೇ ಗೊತ್ತಾದದ್ದು.

ಈ ವಾರ ಟೈಲ್ಸು ಕೂರಿಸುತ್ತಿದ್ದಾರೆ. ಮೇಸ್ತ್ರಿ ಮನೆಯವರಿಗೆ ಹೇಳಿರುವುದು ಒಂದೇ ಮಾತು. ಒರಟು ಟೈಲ್ಸಿನ ಸಣ್ಣ ಗುಳಿಗಳಲ್ಲಿ ಸೋಪು, ಎಣ್ಣೆ, ಬೋರ್‌ವೆಲ್ ನೀರಿನ ಸುಣ್ಣ ಸೇರಿ ತುಂಬಿಕೊಳ್ಳುತ್ತದೆ. ತುಂಬಿದ ಮೇಲೆ ಅದೂ ನುಣುಪೇ. ಕೈಯಾಡಿಸಿದರೆ ಜಿಡ್ಡು ಹತ್ತುತ್ತದೆ. ವಾರಕ್ಕೊಮ್ಮೆ ಗಟ್ಟಿ ಬ್ರಷ್ಷಿನಲ್ಲಿ ಉಜ್ಜಬೇಕು, ಮೇಣ ಬೆರೆತ ಹೊಳಪಿನ ಎಣ್ಣೆ ಹಾಕಬಾರದು. ಯುಗಾದಿ, ದೀಪಾವಳಿಯ ಎಣ್ಣೆಸ್ನಾನ ಮುಗಿದ ದಿನವಂತೂ ಅಜ್ಜಿ-ಮೇಷ್ಟ್ರು ಮತ್ತೆ ಒಳಗೆ ಕಾಲಿಡುವ ಮೊದಲೇ ಬಿಸಿನೀರು, ವಾಷಿಂಗ್ ಸೋಡ ಹಾಕಿ ತೊಳೆಯಬೇಕು.